ಬೀಳುವ ಚಾವಣಿ, ಬೀಳದ ಸಹಿ

ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ತಪಾಸಣಾ ವರದಿ ನನ್ನ ಮುಂದಿದೆ. ಊರಿನ ಹೆಸರು ಬೇಡ. ಹೆಸರು ಹೇಳಿದರೆ ಮುಖ್ಯ ಶಿಕ್ಷಕರಿಗೆ ಇನ್ನೊಂದು ನೋಟಿಸ್ ಬರುತ್ತದೆ. ಆ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ನಾನೂ ಒಬ್ಬ ಸದಸ್ಯನಾದ್ದರಿಂದ, ಸಭೆಯಲ್ಲಿ ಓದಿ ಹೇಳುವ ಪುಣ್ಯ ನನ್ನ ಪಾಲಿಗೆ ಬಂತು. ವರದಿಯಲ್ಲಿ ಒಟ್ಟು 17 ನ್ಯೂನತೆಗಳಿವೆ. ಅವುಗಳನ್ನು ‘ಅತಿ ಗಂಭೀರ’, ‘ಗಂಭೀರ’, ‘ಸಾಮಾನ್ಯ’ ಎಂದು ಮೂರು ವರ್ಗ ಮಾಡಿ, ಮೊದಲನೆಯದಕ್ಕೆ 24 ಗಂಟೆ, ಎರಡನೆಯದಕ್ಕೆ 15 ದಿನ, ಮೂರನೆಯದಕ್ಕೆ ‘ಅನುದಾನದ ಲಭ್ಯತೆಗೆ ಒಳಪಟ್ಟು ಒಂದು ವರ್ಷ’ ಗಡುವು ಕೊಡಲಾಗಿದೆ. ಏರ್ಪಾಡು ಚೊಕ್ಕವಾಗಿದೆ. ಯಾವುದು ಯಾವ ವರ್ಗಕ್ಕೆ ಸೇರಿದೆ ಎಂದು ನೋಡುವವರೆಗೆ ಆಕ್ಷೇಪಣೆಗೆ ಜಾಗವೇ ಇಲ್ಲ.

ಅತಿ ಗಂಭೀರ ವರ್ಗದ ಮೊದಲ ಕಲಂ ಹೀಗಿದೆ: ‘ಬಿಸಿಯೂಟದ ರುಚಿ ನೋಡುವ ವಹಿಯಲ್ಲಿ ಮೂರು ದಿನಗಳ ಸಹಿ ಇರುವುದಿಲ್ಲ.’ ಈ ವಹಿಯನ್ನು ನಾನು ಹಗುರವಾಗಿ ಕಾಣುವವನಲ್ಲ. 2013ರಲ್ಲಿ ಬಿಹಾರದ ಒಂದು ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ಮಾಡಿ 23 ಮಕ್ಕಳು ಸತ್ತರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಉಂಡು ನೋಡಬೇಕೆಂಬುದರ ಹಿಂದೆ ಇಂಥ ಸಾವುಗಳ ಭಯವಿದೆ. ನಮ್ಮ ಶಾಲೆಯಲ್ಲಿ ಆ ಮೂರು ದಿನವೂ ಮೇಷ್ಟರು ಮೊದಲು ಉಂಡೇ ಮಕ್ಕಳಿಗೆ ಬಡಿಸಿದ್ದಾರೆ, ಸಹಿ ಮಾತ್ರ ಮರೆತಿದ್ದಾರೆ. ತಪಾಸಣಾ ತಂಡ ಅಡುಗೆ ಮನೆಗೆ ಹೋಗಿ ಸಾಂಬಾರಿನ ಪಾತ್ರೆಯ ಮುಚ್ಚಳ ತೆಗೆಯಲಿಲ್ಲ, ಬೇಳೆಯ ಮೂಟೆ ಬಿಚ್ಚಲಿಲ್ಲ. ವಹಿಯನ್ನು ಆಫೀಸಿಗೇ ತರಿಸಿಕೊಂಡು ನೋಡಿತು. ಅನುಪಾಲನೆಯೂ ಅದೇ ದಾರಿ ಹಿಡಿಯಿತು. ವರದಿ ಬಂದ ಸಂಜೆಯೇ ಮೇಷ್ಟರು ಕುಳಿತು, ವಾರಗಳ ಹಿಂದಿನ ಸಾಂಬಾರಿನ ರುಚಿಯನ್ನು ನೆನಪಿಸಿಕೊಂಡು, ‘ತೃಪ್ತಿಕರ’ ಎಂದು ಮೂರು ಸಲ ಬರೆದು, ಮೂರು ಬೇರೆ ಬೇರೆ ಪೆನ್ನುಗಳಲ್ಲಿ ಸಹಿ ಹಾಕಿದರು. ಒಂದು ಅತಿ ಗಂಭೀರ ನ್ಯೂನತೆ ಹೀಗೆ ಪರಿಹಾರವಾಯಿತು. ಅಗ್ನಿಶಾಮಕ ಸಿಲಿಂಡರಿನ ಕತೆ ಇನ್ನೂ ಚಿಕ್ಕದು: ಅದು ‘ಇದೆ’ ಎಂದು ಟಿಕ್ ಬಿದ್ದಿದೆ. ಕಳುವಾಗಬಾರದೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುವುದರಿಂದ, ಬೆಂಕಿ ಬಿದ್ದ ದಿನ ಮೊದಲು ಬೀಗದ ಕೈ ಹುಡುಕಬೇಕೆಂಬುದು ಯಾವ ವರ್ಗಕ್ಕೂ ಸೇರಿಲ್ಲ.

ಈಗ ಕಲಂ 14ಕ್ಕೆ ಬರೋಣ. ವರ್ಗ: ಸಾಮಾನ್ಯ. ‘4ನೇ ತರಗತಿ ಕೊಠಡಿಯ ಚಾವಣಿಯಲ್ಲಿ ಅಲ್ಲಲ್ಲಿ ಕಂಬಿ ಗೋಚರಿಸುತ್ತಿದ್ದು, ಸರಿಪಡಿಸಿಕೊಳ್ಳತಕ್ಕದ್ದು.’

ಈ ‘ಅಲ್ಲಲ್ಲಿ’ ಎಂಬ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಾರಸಿಯ ನೀರು ಹೋಗುವ ತೂತು ಎಲೆ ಕಟ್ಟಿಕೊಂಡು, ಪ್ರತಿ ಮಳೆಗಾಲವೂ ಅಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಕಾಂಕ್ರೀಟಿನೊಳಗೆ ಇಳಿದು ಕಂಬಿ ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ತೆಳ್ಳಗಾಗುತ್ತದೆಂದು ನಾವು ತಿಳಿದಿರುತ್ತೇವೆ. ಆದರೆ ಕಬ್ಬಿಣ ಸವೆದಷ್ಟೂ ಅದರ ತುಕ್ಕು ಹಲವು ಪಟ್ಟು ಜಾಗ ಬೇಡುತ್ತದೆ, ಜಾಗ ಸಿಗದಾಗ ಕೆಳಗಿನ ಕಾಂಕ್ರೀಟನ್ನು ಒಳಗಿನಿಂದಲೇ ನೂಕುತ್ತದೆ. ಮೊದಲು ಕಂಬಿ ಹೋದ ದಾರಿಯಲ್ಲೇ ನೇರವಾದ ಬಿರುಕು ಮೂಡುತ್ತದೆ, ಆಮೇಲೆ ಕಂದು ಬಣ್ಣದ ಕಲೆ ಇಳಿಯುತ್ತದೆ, ಕಡೆಗೊಂದು ದಿನ ಅಂಗೈಯಗಲದ ಚಕ್ಕೆ ಕಳಚಿ ಬೀಳುತ್ತದೆ. ಬಿದ್ದ ಜಾಗಕ್ಕಿಂತ ಬೀಳದೆ ಉಳಿದಿರುವ ಸುತ್ತಲಿನ ಜಾಗವೇ ಹೆಚ್ಚು ಅಪಾಯದ್ದು. ಅದನ್ನು ತಿಳಿಯಲು ಇಂಜಿನಿಯರೇ ಬರಬೇಕೆಂದಿಲ್ಲ. ನಾನು ಒಂದು ಬಿದಿರು ಗಳ ತರಿಸಿ ಮೆಲ್ಲಗೆ ತಟ್ಟಿ ನೋಡಿದೆ. ಗೋಡೆಯ ಪಕ್ಕದಲ್ಲಿ ‘ಟಣ್ ಟಣ್’ ಎಂದು ಗಟ್ಟಿ ಸದ್ದು ಬಂತು. ಕಂಬಿ ಕಾಣುವ ಜಾಗದ ಸುತ್ತ, ಸುಮಾರು ಒಂದು ಚಾಪೆಯಷ್ಟು ಅಗಲಕ್ಕೆ, ಒಡೆದ ಮಡಕೆಯಂತೆ ‘ಡಬ್ ಡಬ್’ ಎಂದಿತು. ಅಂದರೆ ಆ ಚಾಪೆಯಷ್ಟೂ ಕಾಂಕ್ರೀಟು ಕಂಬಿಯನ್ನು ಬಿಟ್ಟುಕೊಟ್ಟು, ಬೀಳಲು ಕಾಯುತ್ತಿದೆ. ತಪಾಸಣಾ ತಂಡದ ಬಳಿ ಗಳ ಇರಲಿಲ್ಲ, ಪೆನ್ನಿತ್ತು.

ಇದನ್ನು ‘ಸಾಮಾನ್ಯ’ ಎಂದು ಏಕೆ ಬರೆದರೆಂದು ಮುಖ್ಯ ಶಿಕ್ಷಕರನ್ನು ಕೇಳಿದೆ. ಅವರು ನನ್ನ ಅಜ್ಞಾನಕ್ಕೆ ಮರುಗುತ್ತಾ ವಿವರಿಸಿದರು: “ನೋಡಿ ಸಾರ್, ಅತಿ ಗಂಭೀರ ಅಂತ ಬರೆದರೆ 24 ಗಂಟೇಲಿ ಮುಗಿಸಬೇಕು. ಚಾವಣಿ 24 ಗಂಟೇಲಿ ಮುಗಿಯುತ್ತಾ? ಇಂಜಿನಿಯರಿಂಗ್ ವಿಭಾಗದವರು ಬರಬೇಕು, ಅಂದಾಜು ಪಟ್ಟಿ ಆಗಬೇಕು, ಅನುದಾನ ಬರಬೇಕು. ಅಲ್ಲೀವರೆಗೆ ಪ್ರತಿ ತಿಂಗಳ ಸಭೇಲೂ ಬಾಕಿ ಅಂತ ತೋರಿಸ್ತದೆ. ಬಾಕಿ ಇದ್ದರೆ ಅವರಿಗೂ ಬೈಗುಳ, ನನಗೂ ಬೈಗುಳ. ಅದಕ್ಕೇ ಸಾಮಾನ್ಯ ಅಂತ ಬರೆದವರೆ. ಅವರದೂ ತಪ್ಪಲ್ಲ ಬಿಡಿ.”

ನನ್ನ ಕಣ್ಣು ತೆರೆದದ್ದು ಆಗಲೇ. ಅಪಾಯ ನೋಡಿ ವರ್ಗ, ವರ್ಗ ನೋಡಿ ಗಡುವು ಎಂದು ನಾನು ತಿಳಿದಿದ್ದೆ. ಇಲ್ಲಿ ಗಡುವಿನೊಳಗೆ ಏನು ಮುಗಿಯುತ್ತದೆಂದು ಮೊದಲು ನೋಡಿ, ಅದಕ್ಕೆ ಒಪ್ಪುವ ವರ್ಗವನ್ನು ಆಮೇಲೆ ಹುಡುಕಲಾಗುತ್ತದೆ. ಮುಖ್ಯ ಶಿಕ್ಷಕರ ಕೈಯಲ್ಲಿ ಮುಗಿಯುವ ಕೆಲಸವೆಲ್ಲ ಅತಿ ಗಂಭೀರ. ಯಾರ ಕೈಯಲ್ಲೂ ಮುಗಿಯದ್ದು ಸಾಮಾನ್ಯ. ಚಾವಣಿಯ ದುರಸ್ತಿಗೆ ವರ್ಷ ಬೇಕಾದರೂ ಕೊಠಡಿಗೆ ಬೀಗ ಹಾಕಲು ಒಂದು ನಿಮಿಷ ಸಾಕು, ಒಂದೇ ನ್ಯೂನತೆಗೆ ‘ಈ ಕ್ಷಣ ಮಾಡುವುದು’ ಮತ್ತು ‘ಕಾಯಂ ಮಾಡುವುದು’ ಎಂದು ಎರಡು ಗಡುವು ಇರಬಹುದು ಎಂದು ನಾನು ಹೇಳಿದೆ. ಮುಖ್ಯ ಶಿಕ್ಷಕರು ನಮೂನೆಯನ್ನು ನನ್ನ ಕಡೆ ತಿರುಗಿಸಿದರು. ಗಡುವಿಗೆ ಅಲ್ಲಿ ಒಂದೇ ಕಾಲಂ ಇತ್ತು.

ಗಡುವಿನ ಲೆಕ್ಕದಲ್ಲೂ ಒಂದು ಚಮತ್ಕಾರವಿದೆ. 24 ಗಂಟೆ ಶುರುವಾಗುವುದು ತಪಾಸಣೆಯ ದಿನಾಂಕದಿಂದ. ವರದಿ ಶಾಲೆಗೆ ಮುಟ್ಟಿದ್ದು ಅದರ 19ನೇ ದಿನ. ಆದ್ದರಿಂದ ಲಕೋಟೆ ಒಡೆಯುವ ಮೊದಲೇ ಶಾಲೆ ತಪ್ಪಿತಸ್ಥನಾಗಿತ್ತು. 15 ದಿನದ ಗಡುವೂ ದಾರಿಯಲ್ಲೇ ತೀರಿಹೋಗಿತ್ತು. ವಿಳಂಬಕ್ಕೆ ಕಾರಣ ಕೇಳುವ ನೋಟಿಸ್ ಮಾತ್ರ ಎರಡೇ ದಿನದಲ್ಲಿ ಬಂತು. ಯಾವ ಗಡುವನ್ನೂ ಮೀರದೆ ಉಳಿದಿದ್ದು ಚಾವಣಿಯೊಂದೇ.

ಆ ಗಂಭೀರ ವರ್ಗದಲ್ಲಿ ನಾನು ಮೊದಲ ಓದಿಗೆ ದಾಟಿಹೋಗಿದ್ದ ಒಂದು ಸಾಲಿತ್ತು: ‘4ನೇ ತರಗತಿಯಲ್ಲಿ ಬೆಂಚುಗಳು ಸಾಲಾಗಿರದೆ, ಕೊಠಡಿಯ ನಡುವೆ ಜಾಗ ವ್ಯರ್ಥವಾಗಿರುತ್ತದೆ.’ ಆ ಬೆಂಚುಗಳನ್ನು ಸರಿಸಿದವರು ಮಕ್ಕಳು. ಎರಡನೇ ಚಕ್ಕೆ ಬಿದ್ದ ಮೇಲೆ ಅವರೇ ಕಂಬಿಯ ಕೆಳಗಿನ ಜಾಗ ಬಿಟ್ಟು ಸುತ್ತ ಕೂರುತ್ತಿದ್ದರು. “ಐಕ್ಳಿಗೆ ಗೊತ್ತಾಯ್ತದೆ ಸಾ, ದೊಡ್ಡೋರಿಗೆ ಕಾಗದ ಬರಬೇಕು” ಎಂದಳು ಅಡುಗೆಯ ಅಕ್ಕ. ವರದಿಯನ್ನು ಅನುಪಾಲಿಸಬೇಕಾದರೆ ಬೆಂಚುಗಳನ್ನು ಮತ್ತೆ ಆ ಚಾಪೆಯಗಲದ ಕೆಳಗೆ ಸಾಲಾಗಿ ಜೋಡಿಸಿ ಫೋಟೋ ಕಳಿಸಬೇಕಿತ್ತು.

ಎಸ್‌ಡಿಎಂಸಿ ಆ ಸಂಜೆ ನಿರ್ಣಯ ಬರೆದು, ಕೊಠಡಿಗೆ ಬೀಗ ಹಾಕಿಸಿ, 4ನೇ ತರಗತಿಯನ್ನು ವರಾಂಡಕ್ಕೆ ತಂದಿತು. ಮುಂದಿನ ತಪಾಸಣೆಯ ವರದಿ ಮೊನ್ನೆ ಬಂದಿದೆ. ಕಲಂ 14 ಅದರಲ್ಲಿಲ್ಲ. ಬೀಗ ಹಾಕಿದ ಕೊಠಡಿಯ ಚಾವಣಿ ಯಾರಿಗೂ ಕಾಣಲಿಲ್ಲವಾದ್ದರಿಂದ ನ್ಯೂನತೆ ‘ಮುಕ್ತಾಯ’ವಾಗಿದೆ. ಅದರ ಬದಲಿಗೆ ಅತಿ ಗಂಭೀರ ವರ್ಗದಲ್ಲಿ ಹೊಸದೊಂದು ಸೇರಿದೆ: ‘ಸುಸಜ್ಜಿತ ಕೊಠಡಿಯನ್ನು ಬಳಸದೆ ಮಕ್ಕಳನ್ನು ವರಾಂಡದಲ್ಲಿ ಕೂರಿಸಲಾಗಿದೆ. 24 ಗಂಟೆಯೊಳಗೆ ಬೀಗ ತೆಗೆದು ವರದಿ ಮಾಡತಕ್ಕದ್ದು.’