ಸೆಂಡಾಫ್ ದಿನ ಜೂನಿಯರ್ ಏನು ಮಾತಾಡಬೇಕು?

ಈ ಸಲ ಕಾಸರಗೋಡಿನ ನಮ್ಮ ಕಾಲೇಜಿನ ಕನ್ನಡ ವಿಭಾಗದ ಸೆಂಡಾಫಿನಲ್ಲಿ ಜೂನಿಯರ್‌ಗಳ ಪರವಾಗಿ ಮಾತಾಡಿದ್ದು ನಾನು. ಬೇರೆ ಕಾಲೇಜಿನ ಕೆಲವು ಗೆಳೆಯರು "ಆ ಭಾಷಣ ಕಳಿಸು ಮಾರಾಯ್ತಿ" ಅಂತ ಕೇಳಿದ್ದಾರೆ. ಕಳಿಸಿದರೆ ಅವರಿಗೆ ಉಪಯೋಗವಿಲ್ಲ. ಅದು ನಮ್ಮ ಸೀನಿಯರ್‌ಗಳಿಗೆ ಮಾತ್ರ ಹೊಂದುವ ಮಾತು. ಅದನ್ನು ಕಟ್ಟಿದ ಬಗೆಯನ್ನು ಬರೆಯುತ್ತೇನೆ.

ಹಕ್ಕಿ ಗೂಡು ಬಿಟ್ಟು ಹಾರುವುದು, ಮುಂದಿನ ದಾರಿಗೆ ಶುಭವಾಗಲಿ ಅನ್ನುವುದು, ಇವನ್ನೆಲ್ಲ ಅತಿಥಿಗಳೂ ಹೇಳುತ್ತಾರೆ, ಪ್ರಿನ್ಸಿಪಾಲರೂ ಹೇಳುತ್ತಾರೆ. ಜೂನಿಯರ್‌ಗೆ ಮಾತ್ರ ಗೊತ್ತಿರುವ ವಿಷಯ ಒಂದಿದೆ. ಯಾರೂ ನೋಡದಾಗ ಸೀನಿಯರ್‌ಗಳು ನಮಗೆ ಏನು ಮಾಡಿಕೊಟ್ಟರು ಅನ್ನುವುದು. ಭಾಷಣ ಅದರ ಮೇಲೆಯೇ ನಿಲ್ಲಬೇಕು ಅಂತ ನನ್ನ ನಂಬಿಕೆ.

ಅದಕ್ಕಾಗಿ ಮೊದಲು ಫಸ್ಟ್ ಇಯರ್‌ನವರ ಹತ್ತಿರ ಹೋಗಿ ಕೂತೆ. "ಸೀನಿಯರ್ಸ್ ಹೇಗೆ?" ಅಂತ ಕೇಳಿದರೆ "ತುಂಬಾ ಒಳ್ಳೆಯವರು" ಅಂತಾರೆ, ಅಲ್ಲಿಗೆ ಮಾತು ಮುಗೀತು. "ಸೇರಿದ ಮೊದಲ ತಿಂಗಳು ನಿನಗೆ ಏನು ಕಷ್ಟ ಆಯ್ತು, ಯಾರು ಬಂದರು?" ಅಂತ ಕೇಳಿದಾಗ ಕತೆಗಳು ಹೊರಬಂದವು. ಪೈವಳಿಕೆ, ಬದಿಯಡ್ಕ, ಎಣ್ಮಕಜೆ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ. ನೋಟಿಸ್ ಬೋರ್ಡಿನಲ್ಲಿ ಮಲಯಾಳ, ಫಾರ್ಮಿನಲ್ಲಿ ಇಂಗ್ಲಿಷ್. ಮಾತಾಡಿದರೆ ಮಲಯಾಳ ತಿಳಿಯುತ್ತದೆ, ಓದಲು ಬರುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಎಷ್ಟೋ ಮನೆಗಳಲ್ಲಿ ಇದೇ ಪಾಡು. ನಮ್ಮ ಫೈನಲ್ ಇಯರ್‌ನ ಒಬ್ಬರು ಅಕ್ಕ ಪ್ರತಿ ನೋಟಿಸಿನ ಫೋಟೋ ತೆಗೆದು, ಕೆಳಗೆ ಕನ್ನಡದಲ್ಲಿ ಕೊನೆಯ ದಿನಾಂಕ, ಬೇಕಾದ ಕಾಗದಗಳು, ಯಾವ ಕೌಂಟರ್ ಅಂತ ಬರೆದು ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ಅದಕ್ಕೆ ವಿಲೇಜ್ ಆಫೀಸಿಗೆ ಈಗಲೇ ಅರ್ಜಿ ಹಾಕಿ ಅಂತ ಮುಂಚೆಯೇ ಎಚ್ಚರಿಸುತ್ತಿದ್ದರು. ಇದನ್ನು ಯಾರೂ ಅವರಿಗೆ ವಹಿಸಿರಲಿಲ್ಲ.

ವೇದಿಕೆಯಲ್ಲಿ ನಾನು ಹೇಳಿದ್ದು ಹೀಗೆ: "ಅಕ್ಕಾ, ನೀವು ಆ ನೋಟಿಸನ್ನು ಕನ್ನಡದಲ್ಲಿ ಬರೆಯದೇ ಇದ್ದಿದ್ದರೆ ನಮ್ಮಲ್ಲಿ ಕೆಲವರ ಅರ್ಜಿ ಹೋಗುತ್ತಲೇ ಇರಲಿಲ್ಲ. ಆ ದುಡ್ಡಿನಲ್ಲಿ ಬಸ್ಸಿಗೆ ಬಂದವರು ಇಲ್ಲಿ ಕೂತಿದ್ದಾರೆ." ಅಷ್ಟೇ. "ಮಹಾನ್ ಸೇವೆ" ಅಂತ ಸೇರಿಸಲಿಲ್ಲ, ಬೇಕಾಗಲೂ ಇಲ್ಲ.

ಒಬ್ಬರ ಹೆಸರು ಹೇಳಿದರೆ ಉಳಿದವರಿಗೆ ನೋವಾಗುವುದಿಲ್ಲವಾ? ಆಗುತ್ತದೆ. ಎಲ್ಲರ ಹೆಸರನ್ನೂ ಸಾಲಾಗಿ ಓದಿದರೆ ಹಾಜರಿ ಕರೆದಂತಾಗುತ್ತದೆ. ಹಾಗಾಗಿ ಹೆಸರು ಬಿಟ್ಟು ಕೆಲಸಗಳನ್ನು ಆರಿಸಿದೆ. ನೋಟಿಸಿನದು ಒಂದು. ಪರೀಕ್ಷೆಗೆ ಮುಂಚೆ ಹಳೆಗನ್ನಡ ಪದ್ಯಗಳನ್ನು ಬಿಡಿಸಿ ಓದಿಸಿದ್ದು ಇನ್ನೊಂದು. ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಜೋಡಿಸಿ ಕೊನೆಯ ಬಸ್ಸಿಗೆ ಓಡುತ್ತಿದ್ದ ಹುಡುಗರದು ಮೂರನೆಯದು. ಯಾರದು ಅಂತ ಸಭೆಗೆ ತಾನಾಗಿ ತಿಳಿಯುತ್ತದೆ. ಆ ಮೂರೂ ಕೆಲಸ ಮಾಡಿದವರನ್ನು ಮುಂಚೆಯೇ ಕೇಳಿದ್ದೆ, ಹೇಳಬಹುದಾ ಅಂತ. ಪ್ರೀತಿ ವಿಷಯ, ಸಪ್ಲಿ, ಮನೆಯ ಹಣದ ಕಷ್ಟ, ಇವನ್ನು ತಮಾಷೆಗೂ ಎತ್ತಬಾರದು. ಕೆಳಗೆ ಅಪ್ಪ ಅಮ್ಮನೂ ಬಂದಿರಬಹುದು.

ಅವಧಿ ನಾಲ್ಕು ನಿಮಿಷ. ನಿಧಾನವಾಗಿ ಮಾತಾಡಿದರೆ ಸುಮಾರು ನಾನೂರು ಪದ, ಒಂದು ಹಾಳೆಯ ಎರಡೂ ಬದಿ. ಫೋನಿನಲ್ಲಿ ಟೈಮರ್ ಇಟ್ಟು, ಜೋರಾಗಿ ಓದಿಯೇ ನೋಡಬೇಕು. ಮನಸ್ಸಿನಲ್ಲಿ ಓದಿದರೆ ಬೇಗ ಮುಗಿದುಬಿಡುತ್ತದೆ. ವೇದಿಕೆಯವರ ಹೆಸರು, ಪದವಿ ಎಲ್ಲ ಸ್ವಾಗತ ಭಾಷಣದಲ್ಲಿ ಆಗಿರುತ್ತದೆ. ಮತ್ತೆ ಹೇಳಿದರೆ ಒಂದು ನಿಮಿಷ ಅಲ್ಲೇ ಹೋಯ್ತು. "ವೇದಿಕೆಯಲ್ಲಿರುವ ಎಲ್ಲರಿಗೂ ನಮಸ್ಕಾರ" ಅಂದು ಸೀನಿಯರ್‌ಗಳ ಕಡೆ ತಿರುಗಿಬಿಡಿ. ಮೊದಲ ವಾಕ್ಯ, ಕೊನೆಯ ವಾಕ್ಯ ಮಾತ್ರ ಬಾಯಿಪಾಠ ಇರಲಿ. ನಡುವಿನದನ್ನು ಹಾಳೆ ನೋಡಿಕೊಂಡೇ ಹೇಳಿದರೂ ಯಾರೂ ಬೇಸರಿಸುವುದಿಲ್ಲ. ಮುಂದಿನ ಸಾಲಿನ ಸೀನಿಯರ್‌ಗಳು ತಮ್ಮೊಳಗೇ ಮಾತಾಡತೊಡಗಿದರೆ ನೀವು ಸಾಮಾನ್ಯ ಮಾತಿಗೆ ಜಾರಿದ್ದೀರಿ ಅಂತ ಅರ್ಥ. ಆಗ ನೇರ ಮುಂದಿನ ಘಟನೆಗೆ ಹೋಗಿ.

ಭಾಷೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕನ್ನಡದಲ್ಲೇ ಮಾತಾಡಿ. ಮಲಯಾಳ ವಿಭಾಗದವರು ಬಂದಿದ್ದರೆ ಅವರಿಗೆ ಮಲಯಾಳದಲ್ಲಿ ಒಂದು ವಾಕ್ಯ, ತುಳುವಿನ ಗೆಳೆಯರಿಗೆ ತುಳುವಿನಲ್ಲಿ ಒಂದು ವಾಕ್ಯ ಸಾಕು.

ಮುಕ್ತಾಯದಲ್ಲಿ ಹೆಚ್ಚಿನವರು "ನಿಮ್ಮನ್ನು ಮಿಸ್ ಮಾಡ್ಕೊಳ್ತೇವೆ" ಅಂತಾರೆ. ನನಗೆ ಅದು ಸಾಲದು ಅನ್ನಿಸಿತು. ಅವರು ಬಿಟ್ಟುಹೋಗುವ ಕೆಲಸ ಯಾರದು ಅಂತ ಹೇಳಬೇಕಲ್ವಾ? ಆ ಅಕ್ಕನ ನೋಟಿಸಿನ ಕೆಲಸವನ್ನು ನಾವು ಮೂವರು ಹಂಚಿಕೊಂಡಿದ್ದೇವೆ, ಅದನ್ನು ಅಲ್ಲೇ ಎದ್ದು ನಿಂತು ಹೇಳಿದೆವು. ಹೀಗೆ ಹೇಳುವ ಮೊದಲು ಕೆಲಸ ವಹಿಸಿಕೊಳ್ಳುವವರು ನಿಜವಾಗಿ ಒಪ್ಪಿರಬೇಕು, ಸುಮ್ನೆ ಚಪ್ಪಾಳೆಗೆ ಹೇಳಬಾರದು.

ಇನ್ನೊಂದು ವಿಷಯ. ಕಾರ್ಯಕ್ರಮದ ಪಟ್ಟಿ ಮಾಡುವವರಿಗೆ ಮುಂಚೆಯೇ ಹೇಳಿ, ಜೂನಿಯರ್ ಮಾತು ಸೀನಿಯರ್‌ಗಳ ಅನಿಸಿಕೆಗಿಂತ ಮೊದಲು ಬರಲಿ. ನಮ್ಮಲ್ಲಿ ಹಾಗೆ ಬಂದಿದ್ದರಿಂದ ಆ ಅಕ್ಕ ಮೈಕ್ ಹಿಡಿದಾಗ, ತನಗೆ ಮೊದಲ ವರ್ಷ ನೋಟಿಸ್ ಓದಿಕೊಟ್ಟ ಸೀನಿಯರ್ ಯಾರು ಅಂತ ಹೇಳಿದರು.