ಒಂದು ಚೆಂಡಿಗೆ 19 ರೂಪಾಯಿ

ದಸರಾ ಮುಗಿದ ಮಾರನೇ ದಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ವಾಟ್ಸಾಪ್‌ನಲ್ಲಿ ಒಂದು ಪೋಸ್ಟ್ ಕಳಿಸಿದ. ಮುಂಬೈ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವನು. ಈಗ ಮುಲುಂಡಿನಲ್ಲಿ ಕ್ರಿಕೆಟ್ ಅಕಾಡೆಮಿ ನಡೆಸುತ್ತಾನೆ. "ಸರ್, ನಮ್ಮ ಕನ್ನಡದವರ ಗ್ರೂಪಿಗೆ ಹಾಕಬೇಕು. ಸ್ವಲ್ಪ ತಪ್ಪು ತಿದ್ದಿಕೊಡಿ" ಅಂದ.

ಪೋಸ್ಟ್ ಹೀಗಿತ್ತು:

"ಪ್ರವೇಶ ಆರಂಭ! ಬಿಸಿಸಿಐ ಪ್ರಮಾಣಿತ ಅಕಾಡೆಮಿ. ಅಂತರರಾಷ್ಟ್ರೀಯ ಮಟ್ಟದ ತರಬೇತಿ. ಪ್ರತಿ ಮಗುವಿಗೂ ವೈಯುಕ್ತಿಕ ಗಮನ. ಬಿಗಿನರ್, ಅಡ್ವಾನ್ಸ್, ಎಲೀಟ್ ಪ್ರತ್ಯೇಕ ಬ್ಯಾಚ್‌ಗಳು. ವಿಡಿಯೋ ಅನಾಲಿಸಿಸ್. ಹ್ಯಾರಿಸ್ ಶೀಲ್ಡ್, ಗೈಲ್ಸ್ ಶೀಲ್ಡ್‌ನಲ್ಲಿ ಅವಕಾಶ. ಸೀಟುಗಳು ಸಿಮಿತ. ನಾಳೆಯ ಸಚಿನ್ ನಿಮ್ಮ ಮನೆಯಲ್ಲೇ ಇರಬಹುದು!"

ಕಾಗುಣಿತದ ತಪ್ಪು ಎರಡೇ. 'ವೈಯಕ್ತಿಕ' ಆಗಬೇಕು, 'ಸೀಮಿತ' ಆಗಬೇಕು. ಅಷ್ಟು ತಿದ್ದಿ ವಾಪಸ್ ಕೊಟ್ಟಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ನನ್ನ ಮೊಮ್ಮಗ ಅದೇ ಅಕಾಡೆಮಿಗೆ ಹೋಗುತ್ತಾನೆ. ಅವನನ್ನು ಬಿಟ್ಟು, ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಎರಡು ಗಂಟೆ ಕೂತು, ಕರಕೊಂಡು ಬರುವವನು ನಾನು. ಪೆನ್ಶನ್ ಬಂದ ಮೇಲೆ ಎಣಿಸುವುದಕ್ಕೆ ಬೇರೆ ಏನಿದೆ? ಚೆಂಡು ಎಣಿಸುತ್ತೇನೆ.

ಹಾಗಾಗಿ ಇನ್ನೂ ಸ್ವಲ್ಪ ತಿದ್ದಿದೆ.

'ಬಿಸಿಸಿಐ ಪ್ರಮಾಣಿತ' ಎಂಬುದನ್ನು ಮೊದಲು ಹೊಡೆದು ಹಾಕಿದೆ. ಬಿಸಿಸಿಐಗೆ ಸದಸ್ಯರು ಅಂದರೆ ರಾಜ್ಯ ಸಂಸ್ಥೆಗಳು. ಮುಲುಂಡಿನ ಮೈದಾನದಲ್ಲಿ ಎರಡು ನೆಟ್ ಕಟ್ಟಿದವನಿಗೆ ಅದು ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವುದೇನಿದ್ದರೂ ಕೋಚ್‌ಗೆ, ಕೋರ್ಸ್ ಮಾಡಿ ಪಾಸಾದರೆ. ಅಂಥ ಕೋರ್ಸ್ ಮಾಡಿದ ಹೆಡ್ ಕೋಚ್ ನಮ್ಮಲ್ಲಿ ಒಬ್ಬರಿದ್ದಾರೆ, ಸುಳ್ಳು ಹೇಳಬಾರದು. ಬ್ಯಾನರ್ ಮೇಲೆ ದಿನಾ ಕಾಣುತ್ತಾರೆ. ಮೈದಾನದಲ್ಲಿ ತಿಂಗಳ ಮೊದಲ ಶನಿವಾರ ಕಾಣುತ್ತಾರೆ. ಆದ್ದರಿಂದ ಬರೆದೆ: "ಕೋರ್ಸ್ ಮಾಡಿದವರ ಫೋಟೋದ ಕೆಳಗೆ, ಕೋರ್ಸ್ ಮಾಡದ ಇಬ್ಬರು ಕಾಲೇಜು ಹುಡುಗರು ಕಲಿಸುತ್ತಾರೆ. ಹುಡುಗರು ಒಳ್ಳೆಯವರು. ಪರೀಕ್ಷೆ ಸಮಯದಲ್ಲಿ ಬರುವುದಿಲ್ಲ."

ವಿಡಿಯೋ ಅನಾಲಿಸಿಸ್ ಬಗ್ಗೆ ಒಂದೇ ಸಾಲು: "ಮಗುವಿನ ಕವರ್ ಡ್ರೈವ್ ಅನ್ನು ಸ್ಲೋ ಮೋಷನ್‌ನಲ್ಲಿ ತೆಗೆದು, ಹಾಡು ಹಾಕಿ, ನಮ್ಮ ಪೇಜಿನಲ್ಲಿ ಬಿಡುತ್ತೇವೆ." ಅದರಲ್ಲಿ ಅನಾಲಿಸಿಸ್ ಎಲ್ಲಿ ಅಂತ ಕೇಳಬೇಡಿ. ಎಷ್ಟು ಲೈಕ್ ಬಂತು ಅಂತ ನೋಡುವುದೇ ಅನಾಲಿಸಿಸ್.

ನಾನು ಜಾಸ್ತಿ ಹೊತ್ತು ಕೂತದ್ದು 'ವೈಯಕ್ತಿಕ ಗಮನ' ಮತ್ತು 'ಪ್ರತ್ಯೇಕ ಬ್ಯಾಚ್' ಮೇಲೆ. ಒಂದು ಮಂಗಳವಾರದ ಲೆಕ್ಕ ನನ್ನ ಡೈರಿಯಲ್ಲಿದೆ. ಸಂಜೆ 4ರಿಂದ 6ರ ಬ್ಯಾಚ್. ಬಂದವರು 44 ಮಕ್ಕಳು. ನೆಟ್ ಎರಡು. ಮೂರು ಬಣ್ಣದ ಟೀ ಶರ್ಟ್. ಹಳದಿ ಅಂದರೆ ಬಿಗಿನರ್, ನೀಲಿ ಅಂದರೆ ಅಡ್ವಾನ್ಸ್, ಕಪ್ಪು ಅಂದರೆ ಎಲೀಟ್. ಪ್ರತ್ಯೇಕವಾಗಿರುವುದು ಬಣ್ಣ ಮಾತ್ರ. ಹೊತ್ತು ಅದೇ, ನೆಟ್ ಅದೇ, ಚೆಂಡಿನ ಬುಟ್ಟಿಯೂ ಅದೇ.

ಹಾಜರಿ, ಎರಡು ಸುತ್ತು ಓಟ, ಕೈಕಾಲು ಚಾಚುವುದು: 25 ನಿಮಿಷ. ಸಾಲಾಗಿ ನಿಲ್ಲಿಸಿ ಕ್ಯಾಚ್ ಹಿಡಿಸುವುದು: 20 ನಿಮಿಷ. ಉಳಿದದ್ದು 75. ಎರಡು ನೆಟ್ಟಿಗೆ ಸೇರಿ 150 ನಿಮಿಷ. ಇದರಲ್ಲಿ ಆರು ಕಪ್ಪು ಟೀ ಶರ್ಟಿನವರಿಗೆ ತಲಾ 10 ನಿಮಿಷ ಬ್ಯಾಟಿಂಗ್. ಅವರ ಅಪ್ಪಂದಿರು ಪರ್ಸನಲ್ ಕೋಚಿಂಗ್‌ಗೆ ಬೇರೆ ದುಡ್ಡು ಕೊಡುತ್ತಾರೆ, ಪರ್ಸನಲ್ ಅಂದರೆ ಇದೇ. ಅಲ್ಲಿಗೆ 60 ಹೋಯಿತು. ಮಿಕ್ಕ 90 ನಿಮಿಷವನ್ನು 38 ಮಕ್ಕಳಿಗೆ ಹಂಚಿ. ಎರಡು ನಿಮಿಷ ಮತ್ತು ಚಿಲ್ಲರೆ. ನಮ್ಮ ಅಕಾಡೆಮಿಯ ಮಾಲೀಕನಿಗೆ ನಾಲ್ಕನೇ ಕ್ಲಾಸಿನಲ್ಲಿ ಈ ಭಾಗಾಕಾರ ಕಲಿಸಿದವನು ನಾನೇ. ಶೇಷ ಉಳಿದರೆ ಏನು ಮಾಡಬೇಕು ಅಂತ ಆಗಲೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಆ ಎರಡು ನಿಮಿಷದಲ್ಲಿ ನನ್ನ ಮೊಮ್ಮಗನಿಗೆ ಬಂದದ್ದು 11 ಚೆಂಡು. ಹಾಕಿದವರು ಕೋಚ್ ಅಲ್ಲ, ಸಾಲಿನಲ್ಲಿ ನಿಂತ ಅವನಂಥದ್ದೇ ಮಕ್ಕಳು. ಮೂರು ಪಕ್ಕದ ಬಲೆಗೆ ಹೋದವು. ಒಂದು ತಲೆ ಮೇಲೆ ಹಾರಿತು. ಇನ್ನೊಂದು ಗೋಲಿಯ ಹಾಗೆ ಉರುಳುತ್ತಾ ಬಂತು. ಆಡಬಹುದಾದದ್ದು ಆರು, ಅಂದರೆ ಒಂದು ಓವರ್. ಅವನು ಪ್ಯಾಡ್ ಕಟ್ಟಿಕೊಳ್ಳುವುದಕ್ಕೆ ಅದಕ್ಕಿಂತ ಜಾಸ್ತಿ ಹೊತ್ತು ತಗೊಂಡಿದ್ದ.

ಫೀ ತಿಂಗಳಿಗೆ 2,500. ತಿಂಗಳಿಗೆ 12 ಕ್ಲಾಸು, 132 ಚೆಂಡು. ಒಂದು ಚೆಂಡಿಗೆ ಹತ್ತಿರ ಹತ್ತಿರ 19 ರೂಪಾಯಿ. ಆಡಲು ಬರುವ ಚೆಂಡು ಮಾತ್ರ ಹಿಡಿದರೆ 35. ಶಿವಾಜಿ ಪಾರ್ಕಿನಲ್ಲಿ ಸಚಿನ್‌ಗೆ ಕಲಿಸಿದ ರಮಾಕಾಂತ ಆಚ್ರೇಕರ್ ಸರ್ ಸ್ಟಂಪ್ ಮೇಲೆ ಒಂದು ರೂಪಾಯಿ ನಾಣ್ಯ ಇಡುತ್ತಿದ್ದರು. ಸಚಿನ್‌ನನ್ನು ಔಟ್ ಮಾಡಿದವನಿಗೆ ಆ ನಾಣ್ಯ, ಯಾರೂ ಔಟ್ ಮಾಡದಿದ್ದರೆ ಸಚಿನ್‌ಗೆ. ನಮ್ಮಲ್ಲೂ ನಾಣ್ಯ ಇಡುತ್ತಾರೆ. ಪ್ರತಿ ಚೆಂಡಿಗೂ ನಾವೇ ಇಡಬೇಕು, ಯಾರು ಔಟಾದರೂ ಕೋಚ್‌ಗೇ.

ಹಾಗಾದರೆ ಎಷ್ಟು ಮಕ್ಕಳಿದ್ದರೆ ಸರಿ? ಒಂದು ನೆಟ್ಟಿಗೆ ಹತ್ತು ಅಂತಿಟ್ಟುಕೊಳ್ಳಿ. ಅದೇ 75 ನಿಮಿಷದಲ್ಲಿ ತಲಾ ಏಳೂವರೆ ನಿಮಿಷ, 35 ಚೆಂಡು ಸಿಗುತ್ತದೆ. ಕೋಚ್ ತಾನೇ ಥ್ರೋಡೌನ್ ಕೊಟ್ಟರೆ ಇನ್ನೂ ವಾಸಿ. ಹತ್ತಿರದಿಂದ, ಒಂದೇ ಜಾಗಕ್ಕೆ, ಒಂದರ ಹಿಂದೆ ಒಂದು ಎಸೆದರೆ ಐದು ನಿಮಿಷದಲ್ಲಿ ಒಂದೇ ಹೊಡೆತವನ್ನು 30 ಸಲ ಆಡಿಸಬಹುದು. ಟೀಮ್ ಇಂಡಿಯಾದ ದೊಡ್ಡ ದೊಡ್ಡ ಬ್ಯಾಟ್ಸ್‌ಮನ್‌ಗಳಿಗೆ ಥ್ರೋಡೌನ್ ಕೊಡುವವರು ನಮ್ಮ ಕುಮಟಾದ ರಾಘವೇಂದ್ರ. ಸೈಡ್ ಆರ್ಮ್ ಎಂಬ ಉದ್ದ ಕೋಲಿನ ಸೌಟಿನಿಂದ ಎಸೆಯುತ್ತಾರೆ. ನಮ್ಮ ಅಕಾಡೆಮಿಯಲ್ಲೂ ಒಂದು ಸೈಡ್ ಆರ್ಮ್ ಇದೆ. ಬ್ಯಾನರ್ ಫೋಟೋದಲ್ಲಿ ಹೆಡ್ ಕೋಚ್ ಅದನ್ನು ಹಿಡಿದುಕೊಂಡಿದ್ದಾರೆ. ಮೈದಾನದಲ್ಲಿ ಅದರಿಂದ ಮರಕ್ಕೆ ಸಿಕ್ಕಿಕೊಂಡ ಚೆಂಡು ಕೆಡವುತ್ತಾರೆ.

ನಮ್ಮ ಹುಡುಗನ ಕಡೆಯ ಮಾತೂ ಕೇಳಬೇಕಲ್ಲ. "ಸರ್, 20 ಮಕ್ಕಳಂದ್ರೆ 50,000. ಮೈದಾನದ ಬಾಡಿಗೆ, ಇಬ್ಬರು ಹುಡುಗರ ಸಂಬಳ, ಮ್ಯಾಟ್, ಬಲೆ. ಲೆದರ್ ಬಾಲು ಸಿಮೆಂಟ್ ಪಿಚ್ ಮೇಲೆ ನಾಲ್ಕು ದಿನಕ್ಕೆ ಸಿಪ್ಪೆ ಸುಲಿಯುತ್ತೆ. ಏನು ಉಳಿಯುತ್ತೆ ಹೇಳಿ?" ಅಂದಿದ್ದ ಒಮ್ಮೆ. ನಿಜ ಇರಬಹುದು. ಹಾಗಂತ ಪೋಸ್ಟಿನಲ್ಲಿ ಬರೆಯಪ್ಪಾ ಅಂದೆ. "ನಮಗೆ 44 ಮಕ್ಕಳಿಲ್ಲದೆ ಗಿಟ್ಟುವುದಿಲ್ಲ" ಎಂದು ಬರೆದರೆ ಅದು ವ್ಯಾಪಾರ. 'ಸೀಟುಗಳು ಸೀಮಿತ' ಎಂದು ಬರೆದರೆ, ಆ ಸೀಮೆ ಎಲ್ಲಿದೆ ಅಂತ ತೋರಿಸಬೇಕಾಗುತ್ತದೆ.

ವರ್ಷದ ಪ್ಯಾಕೇಜ್ ಮೇಲೂ ಕೈಯಾಡಿಸಿದೆ. 'ಎರಡು ತಿಂಗಳು ಫ್ರೀ' ಅಂತ ಬೇರೆ ಮೆಸೇಜಿನಲ್ಲಿ ಇತ್ತು. ಮುಂಬೈ ಮಳೆ ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ಗೆ ಬಿಡುತ್ತದೆ. ಆ ನಾಲ್ಕು ತಿಂಗಳು ನಮ್ಮ ನೆಟ್ಟಿನಲ್ಲಿ ಎಮ್ಮೆ ಮಲಗಬಹುದು. ಮಳೆಗಾಲದಲ್ಲೇ ಆಡುವ ಕಾಂಗಾ ಲೀಗ್ 1948ರಲ್ಲಿ ಶುರುವಾದ ಊರಿದು, ನಿಜ. ಆದರೆ ನಮ್ಮವರು ಮೊದಲ ಹನಿಗೇ ಮ್ಯಾಟ್ ಸುತ್ತಿ, ಸೊಸೈಟಿಯ ಪಾರ್ಕಿಂಗ್‌ನಲ್ಲಿ 'ಫಿಟ್‌ನೆಸ್ ಸೆಶನ್' ಮಾಡುತ್ತಾರೆ. ಎರಡು ಕಾರಿನ ನಡುವೆ ಬಸ್ಕಿ. ಆದ್ದರಿಂದ: "10 ತಿಂಗಳ ಫೀ ಕಟ್ಟಿ, ಎಂಟು ತಿಂಗಳು ಆಡಿ. ಎರಡು ತಿಂಗಳು ನಮ್ಮ ಕಡೆಯಿಂದ ಫ್ರೀ, ನಾಲ್ಕು ತಿಂಗಳು ಮಳೆಯ ಕಡೆಯಿಂದ ರಜೆ."

ಇನ್ನು ಹ್ಯಾರಿಸ್ ಮತ್ತು ಗೈಲ್ಸ್ ಶೀಲ್ಡ್. ಇವು ಶಾಲೆಗಳ ಟೂರ್ನಿಗಳು. ಗೈಲ್ಸ್ 14 ವರ್ಷದೊಳಗಿನವರಿಗೆ, ಹ್ಯಾರಿಸ್ 16ರೊಳಗಿನವರಿಗೆ. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ ಆಜಾದ್ ಮೈದಾನದಲ್ಲಿ 664 ರನ್ ಜೊತೆಯಾಟ ಆಡಿದ್ದು ಹ್ಯಾರಿಸ್ ಶೀಲ್ಡ್‌ನಲ್ಲೇ, ಶಾರದಾಶ್ರಮ ಶಾಲೆಯ ಪರವಾಗಿ. ಇಂಥ ಟೂರ್ನಿ ಆಡಲೆಂದೇ ಸಚಿನ್ ಶಾಲೆ ಬದಲಾಯಿಸಿದ್ದರು. ಅಲ್ಲಿ ಆಡಬೇಕಾದರೆ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು, ಶಾಲೆ ತಂಡ ಕಟ್ಟಬೇಕು, ಅಲ್ಲಿಯ ಸರ್ ಆರಿಸಬೇಕು. ಅಕಾಡೆಮಿ ಕೊಡುವ ಅವಕಾಶ ಏನೆಂದರೆ, ಮ್ಯಾಚ್ ನೋಡಲು ಹೋಗುವುದು. ಕಳೆದ ವರ್ಷದ ಬ್ಯಾನರಿನಲ್ಲಿ 'ನಮ್ಮ ಹೆಮ್ಮೆಯ ವಿದ್ಯಾರ್ಥಿ' ಎಂದು ಹಾಕಿದ ಹುಡುಗ ಬೇಸಿಗೆ ಶಿಬಿರಕ್ಕೆ ಮೂರು ವಾರ ಬಂದಿದ್ದ. ಅದೂ ನೆಟ್ಟಿನಲ್ಲಿ ಆಡಲು ಸರದಿ ಬರಲಿಲ್ಲ ಅಂತ ಬಿಟ್ಟು ಹೋದ.

ಇಷ್ಟನ್ನೂ ಸೇರಿಸಿ, ಕೊನೆಗೆ ಹೀಗೆ ಮುಗಿಸಿದೆ: "ಸೇರುವ ಮುಂಚೆ ಒಂದು ಸಂಜೆ ಬನ್ನಿ. ಬ್ಯಾನರ್ ನೋಡಬೇಡಿ. ಒಂದು ಹಳದಿ ಟೀ ಶರ್ಟ್ ಆರಿಸಿಕೊಂಡು ಅದಕ್ಕೆ ಎಷ್ಟು ಚೆಂಡು ಬಂತು ಎಣಿಸಿ. ನಾಳೆಯ ಸಚಿನ್ ನಿಮ್ಮ ಮನೆಯಲ್ಲೇ ಇರಬಹುದು. ನಮ್ಮಲ್ಲಿ ಸಾಲಿನಲ್ಲಿ ನಿಂತಿರುತ್ತಾನೆ." ಕಳಿಸಿದೆ.

ಹುಡುಗ ಬೈಯುತ್ತಾನೆ ಅಂದುಕೊಂಡಿದ್ದೆ. "ಥ್ಯಾಂಕ್ಯೂ ಸರ್" ಎಂದು ಬರೆದು, ಎರಡು ಕೈ ಮುಗಿದು, ನೇರ ಗ್ರೂಪಿಗೆ ಫಾರ್ವರ್ಡ್ ಮಾಡಿಬಿಟ್ಟ. ಓದಿರಲಿಲ್ಲ. ಶಾಲೆಯಲ್ಲೂ ಹೀಗೇ, ನಾನು ತಿದ್ದಿಕೊಟ್ಟ ಕಾಪಿಯನ್ನು ಒಂದು ದಿನವೂ ತೆರೆದು ನೋಡಿದವನಲ್ಲ.

ರಾತ್ರಿ ಫೋನ್ ಬಂತು. "ಸರ್, ಏನು ಬರೆದುಬಿಟ್ರಿ ನೀವು!"

"ಯಾರಾದರೂ ಬೈದರಾ?"

"ಬೈಯೋದಾ? ಏಳು ಅಡ್ಮಿಶನ್ ಸರ್!"

ಚೆಂಡು ಎಷ್ಟು ಅಂತ ಯಾರಾದರೂ ಕೇಳಿದರಾ ಅಂದೆ. ಇಲ್ಲವಂತೆ. ಒಬ್ಬರು ಟೀ ಶರ್ಟ್ ಹಿಂದೆ ಹೆಸರು ಬರುತ್ತಾ ಎಂದು ಕೇಳಿದರಂತೆ. ಇಬ್ಬರು ನೇರವಾಗಿ ಕಪ್ಪು ಟೀ ಶರ್ಟ್ ಸಿಗುತ್ತಾ ಎಂದರಂತೆ. ಉಳಿದ ನಾಲ್ಕೂ ಫೋನು ಅಮ್ಮಂದಿರದ್ದು, ನಾಲ್ವರದ್ದೂ ಒಂದೇ ಪ್ರಶ್ನೆ. "ಆರಕ್ಕೇ ಬಿಡಬೇಡಿ ಅಣ್ಣಾ, ಏಳರವರೆಗೆ ಇಟ್ಕೊಳ್ತೀರಾ? ಸಿಎಸ್‌ಎಂಟಿಯಿಂದ ಲೋಕಲ್ ಹಿಡಿದು ನಾನು ಮುಲುಂಡಿಗೆ ಬರುವಷ್ಟರಲ್ಲಿ ಏಳಾಗುತ್ತೆ."

ನಿನ್ನೆಯಿಂದ ಬ್ಯಾಚ್ 4ರಿಂದ 7. ಮಕ್ಕಳು 51. ನೆಟ್ ಎರಡೇ. ಆರು ಗಂಟೆಯ ಮೇಲೆ ಚೆಂಡು ಕಾಣುವುದಿಲ್ಲ, ಆದ್ದರಿಂದ ಕೊನೆಯ ಒಂದು ಗಂಟೆ ಓಡಿಸುತ್ತಾರೆ. ಮೊಮ್ಮಗನಿಗೆ ನಿನ್ನೆ 9 ಚೆಂಡು.