ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗ್ತಾನೆ

“ಶಿರಸಿಗೆ ಸೂತ್ರ ಹಾಕಿದೆ. ಜೂನ್ 21ರ ಮಧ್ಯಾಹ್ನ ಸೂರ್ಯನ ಎತ್ತರ 98.8 ಡಿಗ್ರಿ ಬಂತು. 90ಕ್ಕಿಂತ ಜಾಸ್ತಿ ಹೇಗೆ?”

ಲೆಕ್ಕ ಸರಿಯಾಗೇ ಇದೆ ಮಾರಾಯ್ರೆ. ನೀವು ಹಾಕಿದ್ದು ಇದೇ ಅಲ್ವಾ?

```
h = 75.4 + 23.4 * sin(360/365 * (N - 81))
```

ಜನವರಿ 1ರಿಂದ ಎಣಿಸಿದ ದಿನ N, ಕೋನ ಡಿಗ್ರಿಯಲ್ಲಿ. ಶಿರಸಿಯ ಅಕ್ಷಾಂಶ 14.6. ಅದನ್ನು 90ರಿಂದ ಕಳೆದರೆ 75.4. ಉಳಿದದ್ದು ಸೂರ್ಯ ಭೂಮಧ್ಯರೇಖೆಯಿಂದ ಆಚೀಚೆ ಸರಿಯುವ ಲೆಕ್ಕ.

ಈ h ಅಳೆಯುವುದು ದಕ್ಷಿಣದ ದಿಗಂತದಿಂದ. 90 ದಾಟಿದರೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿದ್ದಾನೆ ಅಂತ. 180ರಿಂದ ಕಳೆಯಿರಿ, ಉತ್ತರದ ದಿಗಂತದಿಂದ ಎತ್ತರ 81.2 ಬರುತ್ತದೆ. ಹಾಗಾಗಿ ಎತ್ತರದ ಗ್ರಾಫಿಗೆ ಜೂನಿನಲ್ಲಿ ಒಂದು ತುದಿ ಇರುವುದಿಲ್ಲ. ಏಪ್ರಿಲ್ 30 ಮತ್ತು ಆಗಸ್ಟ್ 12ರ ಹೊತ್ತಿಗೆ ಎರಡು ತುದಿ, ನಡುವೆ ಸಣ್ಣ ತಗ್ಗು.

ನಮ್ಮ ಅಂಗಳದಲ್ಲಿ, ಅಡಿಕೆ ಒಣಗಿಸುವ ಜಾಗದ ಬದಿಗೆ, ಒಂದು ಮೀಟರ್ ಕೋಲು ನೆಟ್ಟು ನೋಡಿದ್ದೆ. ಡಿಸೆಂಬರ್ ಕೊನೆಗೆ ನೆರಳು ಉತ್ತರಕ್ಕೆ 78 ಸೆಂಟಿಮೀಟರ್. ಮೇ ಕೊನೆಗೆ ದಕ್ಷಿಣಕ್ಕೆ 13. ಜೂನಿನಲ್ಲಿ ಅಳೆಯೋಣ ಅಂದ್ರೆ ನಮ್ಮಲ್ಲಿ ಬಿಸಿಲೆಲ್ಲಿ!

ಆದರೆ ಗಡಿಯಾರದ 12 ಗಂಟೆಗೆ ಅಳೆಯಬೇಡಿ. ಏಪ್ರಿಲ್ ಕೊನೆಗೆ ಇಲ್ಲಿ ನಿಜವಾದ ನಡುಹಗಲು ಸುಮಾರು 12:28ಕ್ಕೆ. ನಾನು ಮೊದಲ ಸಲ 12ಕ್ಕೇ ಅಳೆದು, ನೆರಳು ಪಡುವಣಕ್ಕೆ ಚಾಚಿದ್ದು ಕಂಡು ಸುಮ್ನೆ ತಲೆ ಕೆಡಿಸಿಕೊಂಡಿದ್ದೆ.

ಸೆಪ್ಟೆಂಬರ್ 23ರ ಸುತ್ತ ಸೂತ್ರ ಒಂದು ಡಿಗ್ರಿಯಷ್ಟು ಕಡಿಮೆ ತೋರಿಸುತ್ತದೆ. ಭೂಮಿ ವರ್ಷವಿಡೀ ಸೂರ್ಯನನ್ನು ಒಂದೇ ವೇಗದಲ್ಲಿ ಸುತ್ತುವುದಿಲ್ಲವಲ್ಲ, ಅದಕ್ಕೆ.